ಎ2 ಮತ್ತು ಬಿ1 ನಡುವೆ ಮೈಲಿಗಲ್ಲು ಎಲ್ಲಿ ನೆಡಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಜರ್ಮನಿಗೆ ಹೋಗಬೇಕು ಅಂತ ಒಂದೂವರೆ ವರ್ಷದಿಂದ ಜರ್ಮನ್ ಕಲಿಯುತ್ತಿದ್ದೇನೆ. ಮೊದಲ ಹಂತ ಎ1 ನಾಲ್ಕೇ ತಿಂಗಳಲ್ಲಿ ಮುಗೀತು, ಆಗ ಎಷ್ಟು ಹುರುಪಿತ್ತು! ಈಗ ಎ2 ಮುಗಿಸಿ ಏಳು ತಿಂಗಳಾಯಿತು, ಬಿ1 ಪುಸ್ತಕದ ನಡುವೆ ನಿಂತಿದ್ದೇನೆ. ಪುಸ್ತಕ ತೆರೆಯೋಕೇ ಮನಸ್ಸಾಗಲ್ಲ. 'ಇದನ್ನು ಮಾಡಬಲ್ಲೆ' ಅಂತ ಹೇಳುವ ಕ್ಯಾನ್-ಡೂ ವಾಕ್ಯಗಳ ಪಟ್ಟಿ ಇಟ್ಟುಕೊಂಡು ಟಿಕ್ ಹಾಕುತ್ತಾ ಹೋಗಿ ಅಂದರು. ಹಾಕಿದೆ. ಆದರೆ 'ಪರಿಚಿತ ವಿಷಯಗಳ ಬಗ್ಗೆ ಮಾತಾಡಬಲ್ಲೆ' ಅನ್ನೋದಕ್ಕೆ ಒಂದು ದಿನ ಟಿಕ್ ಹಾಕ್ತೀನಿ, ಇನ್ನೊಂದು ದಿನ ಅಳಿಸ್ತೀನಿ. ಏನು ಮಾಡಲಿ ಮೇಡಂ?

ಉತ್ತರ: ನಿಮ್ಮ ಹುರುಪು ಇಳಿದದ್ದರ ಹಿಂದೆ ಒಂದು ಲೆಕ್ಕವಿದೆ. ಮೊದಲು ಅದನ್ನು ನೋಡೋಣ.

ಜರ್ಮನ್ ಪರೀಕ್ಷೆ ನಡೆಸುವ ಗೋಥೆ ಸಂಸ್ಥೆ ಪ್ರತಿ ಹಂತಕ್ಕೂ ಎಷ್ಟು ಪಾಠ ಬೇಕಾಗಬಹುದು ಅಂತ ಒಂದು ಅಂದಾಜು ಕೊಡುತ್ತದೆ. 45 ನಿಮಿಷಕ್ಕೆ ಒಂದು ಪಾಠ. ಸೊನ್ನೆಯಿಂದ ಶುರು ಮಾಡಿದವರಿಗೆ ಎ1 ತಲುಪಲು 80ರಿಂದ 200 ಪಾಠ, ಎ2 ತಲುಪಲು 200ರಿಂದ 350, ಬಿ1 ತಲುಪಲು 350ರಿಂದ 650. ಅಂದರೆ ಎ2 ಮುಗಿಸಿದವರು ಬಿ1 ಮುಟ್ಟಲು ಇನ್ನೂ 150ರಿಂದ 300 ಪಾಠ ಬೇಕು. ಶಿಫ್ಟ್ ಡ್ಯೂಟಿ ನಡುವೆ ನೀವು ವಾರಕ್ಕೆ ಐದು ಗಂಟೆ ಓದುತ್ತೀರಿ ಅಂದುಕೊಳ್ಳೋಣ. ಆಗ ಇದು ಸುಮಾರು 22ರಿಂದ 45 ವಾರದ ಕೆಲಸ. ಇಷ್ಟು ದಿನ ನಿಮ್ಮ ಕಣ್ಣೆದುರು ಇರುವುದು ಒಂದೇ ಗುರುತು, 'ಬಿ1'.

ಎ1ರಲ್ಲಿ ಹಾಗಿರಲಿಲ್ಲ. ಮೊದಲ ವಾರ ಹೆಸರು ಹೇಳಲು ಬಂತು, ಮುಂದಿನ ವಾರ ಊರು, ಆಮೇಲೆ ಟೀ ಕೇಳೋದು. ಪ್ರತಿ ವಾರ ಏನೋ ಒಂದು ಹೊಸದಾಗಿ ಬರುತ್ತಿತ್ತು, ಅದು ನಿಮಗೇ ಕಾಣುತ್ತಿತ್ತು. ಬಿ1ರಲ್ಲೂ ಬರುತ್ತಿದೆ, ಆದರೆ ಕಾಣುತ್ತಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಉಣಕಲ್ ಬಂತು, ನವನಗರ ಬಂತು, ಸತ್ತೂರು ಬಂತು ಅಂತ ತಿಳಿಯುತ್ತಾ ಹೋಗುತ್ತದೆ, ಅಲ್ವಾ? ನೀವು ಕಿಟಕಿ ಪರದೆ ಎಳೆದುಕೊಂಡು ಕೂತಿದ್ದೀರಿ.

ಪರದೆ ಸರಿಸುವ ಕೆಲಸ ಕ್ಯಾನ್-ಡೂ ವಾಕ್ಯದ್ದೇ. ಆದರೆ ನಿಮ್ಮ ಕೈಗೆ ಸಿಕ್ಕ ಪಟ್ಟಿ ಆ ಕೆಲಸಕ್ಕಾಗಿ ಬರೆದದ್ದಲ್ಲ. ಎ1ರಿಂದ ಸಿ2ರ ತನಕ ಆರು ಹಂತಗಳ ಚೌಕಟ್ಟನ್ನು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿತು. ಯಾವ ಭಾಷೆಗೂ, ಯಾವ ಕಸುಬಿನವರಿಗೂ ಹೊಂದಲಿ ಅಂತ ಅದರ ವಾಕ್ಯಗಳನ್ನು ಬೇಕೆಂದೇ ಅಗಲವಾಗಿ ಇಟ್ಟಿದ್ದಾರೆ. 'ಪರಿಚಿತ ವಿಷಯ' ಅಂದರೆ ಒಬ್ಬರಿಗೆ ಫುಟ್‌ಬಾಲ್, ಇನ್ನೊಬ್ಬರಿಗೆ ಅಡುಗೆ. ಒಂದು ವರ್ಷದ ದಾರಿಯನ್ನು ಒಂದು ವಾಕ್ಯದಲ್ಲಿ ಹೇಳುವ ಆ ಸಾಲಿಗೆ ಸೋಮವಾರ ಟಿಕ್ ಹಾಕಿ ಗುರುವಾರ ಅಳಿಸೋದು ಸಹಜ. ಅಗಲವಾದ ಆ ವಾಕ್ಯವನ್ನು ನಿಮ್ಮ ವಾರ್ಡಿನ ಅಳತೆಗೆ ನೀವೇ ಕತ್ತರಿಸಿಕೊಳ್ಳಬೇಕು.

ಹೇಗೆ ಅಂತ ನನ್ನ ಒಬ್ಬ ವಿದ್ಯಾರ್ಥಿನಿಯ ಕಥೆಯಲ್ಲೇ ಹೇಳುತ್ತೇನೆ. ಅವರೂ ನರ್ಸ್. ಗದಗದಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಡ್ಯೂಟಿಗೆ ಬರುತ್ತಿದ್ದರು. ಅವರ ಪಟ್ಟಿಯಲ್ಲಿ 'ರೋಗಿಯ ಬಗ್ಗೆ ಮಾತಾಡಬಲ್ಲೆ' ಅಂತ ಒಂದು ಸಾಲಿತ್ತು, ಪಕ್ಕದಲ್ಲಿ ಮಾಸಿದ ಒಂದು ಟಿಕ್. ನಾನು ಆ ಸಾಲನ್ನು ಹೊಡೆದು ಹಾಕಿ, ನಿಮ್ಮ ಕೆಲಸದಲ್ಲಿ ದಿನಾ ಎರಡು ಸಲ ಮಾತಾಡಲೇಬೇಕಾದ ಜಾಗ ಯಾವುದು ಅಂತ ಕೇಳಿದೆ. 'ಹ್ಯಾಂಡೋವರ್‌ರಿ ಮೇಡಂ,' ಅಂದರು. ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ರೋಗಿಗಳ ವಿಚಾರ ಒಪ್ಪಿಸುವುದು. ಜರ್ಮನ್ ಆಸ್ಪತ್ರೆಯಲ್ಲಿ ಇದಕ್ಕೆ 'ಯೂಬರ್‌ಗಾಬೆ' ಅನ್ನುತ್ತಾರೆ. ಅಲ್ಲಿ ಕೆಲಸಕ್ಕೆ ಸೇರಿದರೆ ತಪ್ಪಿಸಿಕೊಳ್ಳಲಾಗದ ಮಾತು ಇದು.

ನಾವಿಬ್ಬರೂ ಕೂತು ಬರೆದ ವಾಕ್ಯ ಹೀಗಿತ್ತು: 'ಅಂಕಿಗಳನ್ನು ಮಾತ್ರ ಬರೆದುಕೊಂಡ ಚೀಟಿ ನೋಡುತ್ತಾ, ಇಬ್ಬರು ರೋಗಿಗಳ ಸ್ಥಿತಿಯನ್ನು ನನ್ನ ಕ್ಲಾಸಿನ ಗೆಳತಿಗೆ ಜರ್ಮನ್‌ನಲ್ಲಿ 3 ನಿಮಿಷದೊಳಗೆ ಒಪ್ಪಿಸಬಲ್ಲೆ. ಅವಳು ಬರೆದುಕೊಂಡ 10 ವಿವರಗಳಲ್ಲಿ 8 ಸರಿ ಇರಬೇಕು.'

ಇದರಲ್ಲಿ ನಾಲ್ಕು ತುಂಡುಗಳಿವೆ: ಮಾಡುವ ಕೆಲಸ, ಯಾರ ಎದುರು, ಯಾವ ಷರತ್ತಿನಲ್ಲಿ, ಎಷ್ಟಾದರೆ ಸಾಕು. ನಾಲ್ಕನೆಯದನ್ನು ಜನ ಜಾಸ್ತಿ ಬಿಟ್ಟುಬಿಡುತ್ತಾರೆ, ಅಥವಾ 'ತಪ್ಪಿಲ್ಲದೆ' ಅಂತ ಬರೆದು ಕೆಡಿಸುತ್ತಾರೆ. ತಪ್ಪಿಲ್ಲದೆ ಮಾತಾಡೋದು ಬಿ1ರ ಗುರಿಯೇ ಅಲ್ಲ. ಪದದ ಲಿಂಗ ತೋರಿಸುವ ಡೆರ್, ಡೀ, ಡಾಸ್ ಎಡವಿದರೂ ಔಷಧಿ, ಹೊತ್ತು, ಬಿಪಿ ಎದುರಿನವರಿಗೆ ಸರಿಯಾಗಿ ಮುಟ್ಟಿದರೆ ಹ್ಯಾಂಡೋವರ್ ಆಯಿತು. ಅದಕ್ಕೇ ಅಳತೆಯನ್ನು ಮಾತಾಡುವವರ ಬಾಯಿಯಲ್ಲಿ ಇಡದೆ ಕೇಳುವವರ ಚೀಟಿಯಲ್ಲಿ ಇಟ್ಟೆವು. ಒಬ್ಬ ರೋಗಿಗೆ ಐದು ವಿವರ: ವಯಸ್ಸು, ಜ್ವರ, ಬಿಪಿ, ಕೊಟ್ಟ ಔಷಧಿ, ಕೊಟ್ಟ ಹೊತ್ತು. ಇಬ್ಬರಿಗೆ ಹತ್ತು. ಎಣಿಸಿದರೆ ಮುಗಿಯಿತು, ವಾದಕ್ಕೆ ಜಾಗವಿಲ್ಲ. ರೋಗಿಗಳು ಕಲ್ಪನೆಯವರೇ ಆಗಿರಲಿ. ನಿಜವಾದ ರೋಗಿಯ ಹೆಸರು, ವಿವರ ನಿಮ್ಮ ಫೋನಿನ ರೆಕಾರ್ಡಿಂಗಿಗೆ ಹೋಗಬಾರದು. ನರ್ಸ್‌ಗೆ ಇದನ್ನು ನಾನು ಹೇಳಬೇಕಿಲ್ಲ, ಆದರೂ ಹೇಳಿದೆ.

ಕಲಿಯಲು ಶುರು ಮಾಡುವ ಮುಂಚೆಯೇ ಒಂದು ರೆಕಾರ್ಡಿಂಗ್ ಮಾಡಿಸಿದೆ. ತಯಾರಿಯಿಲ್ಲ, ಇರುವ ಜರ್ಮನ್‌ನಲ್ಲೇ ಒಪ್ಪಿಸಿ ಅಂದೆ. 4 ನಿಮಿಷ 20 ಸೆಕೆಂಡ್ ಹಿಡಿಯಿತು. ನಡುವೆ 11 ಸಲ ಇಂಗ್ಲಿಷ್ ಪದ ನುಸುಳಿತು. ಗೆಳತಿಯ ಚೀಟಿಯಲ್ಲಿ ಸರಿ ಇದ್ದದ್ದು ಐದೇ ವಿವರ. ಅವರಿಗೆ ನಾಚಿಕೆಯಾಯಿತು, ಅಳಿಸಿಬಿಡಲಾ ಅಂತ ಕೇಳಿದರು. ಬೇಡ, ದಿನಾಂಕ ಹಾಕಿ ಇಟ್ಟುಕೊಳ್ಳಿ ಅಂದೆ. ಈ ರೆಕಾರ್ಡಿಂಗ್ ಇಲ್ಲದಿದ್ದರೆ ಮುಂದೆ ಬರುವ ಯಾವ ಅಂಕಿಗೂ ಬೆಲೆಯಿಲ್ಲ. ನಮ್ಮ ಹಳೆಯ ಮಾತು ಎಷ್ಟು ಕೆಟ್ಟದಾಗಿತ್ತು ಅನ್ನೋದನ್ನು ನಾವೇ ಬೇಗ ಮರೆತುಬಿಡುತ್ತೇವೆ. ಆಮೇಲೆ 'ಏನೂ ಬದಲಾಗಿಲ್ಲ' ಅನ್ನಿಸುತ್ತದೆ.

ಆ ಐದು ತಪ್ಪುಗಳು ಎಲ್ಲೆಲ್ಲಿ ಅಂತ ಚೀಟಿ ನೋಡಿದೆವು. ಮೂರು ಅಂಕಿಗಳಲ್ಲೇ ಇದ್ದವು. ಕನ್ನಡದಲ್ಲಿ ಮೂವತ್ತೆಂಟು ಅನ್ನುವಾಗ ಮೊದಲು ಮೂವತ್ತು, ಆಮೇಲೆ ಎಂಟು. ಜರ್ಮನ್‌ನಲ್ಲಿ 'ಆಖ್ಟ್-ಉಂಟ್-ಡ್ರೈಸಿಶ್', ಎಂಟು ಮತ್ತು ಮೂವತ್ತು. ಕೇಳಿದ ಕಿವಿ 83 ಅಂತ ಬರೆಯುತ್ತದೆ. ಜ್ವರ 83 ಇರಲ್ಲ ಅಂತ ನರ್ಸ್‌ಗೆ ಗೊತ್ತಾಗುತ್ತದೆ, ಆದರೆ ಬಿಪಿ 145 ಕೇಳಿ 154 ಬರೆದರೆ ಯಾರಿಗೂ ಸಂಶಯ ಬರಲ್ಲ. ನಾನೇ ಒಮ್ಮೆ ಮ್ಯೂನಿಕ್‌ನ ದೊಡ್ಡ ನಿಲ್ದಾಣದಲ್ಲಿ 23ನೇ ಪ್ಲಾಟ್‌ಫಾರ್ಮ್ ಅಂದದ್ದನ್ನು 32 ಅಂತ ಕೇಳಿಸಿಕೊಂಡು, ಬ್ಯಾಗ್ ಎಳೆದುಕೊಂಡು ಓಡಿ ರೈಲು ತಪ್ಪಿಸಿಕೊಂಡಿದ್ದೆ. ಆಗ ನಾನು ಪಾಠ ಮಾಡಲು ಶುರು ಮಾಡಿ ಎರಡು ವರ್ಷವಾಗಿತ್ತು!

ಇನ್ನೊಂದು ತಪ್ಪು ಹೊತ್ತಿನದು. 'ಹಾಲ್ಬ್ ಆಖ್ಟ್' ಅಂದರೆ ಪದಕ್ಕೆ ಪದ 'ಅರ್ಧ ಎಂಟು'. ಅದು ಏಳೂವರೆ, ಎಂಟೂವರೆ ಅಲ್ಲ. ಔಷಧಿ ಕೊಟ್ಟ ಹೊತ್ತಿನಲ್ಲಿ ಒಂದು ಗಂಟೆ ತಪ್ಪಿತು. ಗಡಿಯಾರದ ಅಂಕಿಯನ್ನೇ ಓದಿ 'ಸೀಬನ್ ಊರ್ ಡ್ರೈಸಿಶ್' ಅನ್ನಿ ಅಂತ ಆವತ್ತೇ ಬದಲಿಸಿದೆವು. ನೋಡಿ, ಏನು ಓದಬೇಕು ಅನ್ನೋದು ಈಗ ಚೀಟಿಯಿಂದಲೇ ಹೊರಡುತ್ತಿದೆ. ಬಿ1 ಪುಸ್ತಕದ ಮುಂದಿನ ಪಾಠ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಬದಲು ಅವರು ಎರಡು ವಾರ ಅಂಕಿ ಕೇಳಿಸಿಕೊಂಡರು. ಅದಕ್ಕೆ ಒಂದು ಪುಟ್ಟ ವಾಕ್ಯ ಬರೆದುಕೊಂಡರು: 'ಗೆಳತಿ ವಾಯ್ಸ್ ಮೆಸೇಜಿನಲ್ಲಿ ಕಳಿಸಿದ 10 ಬಿಪಿ, ಜ್ವರದ ಅಂಕಿಗಳನ್ನು ಒಂದೇ ಸಲ ಕೇಳಿ 9 ಸರಿ ಬರೆಯಬಲ್ಲೆ.' ಇಲ್ಲಿ ಎಂಟಕ್ಕೆ ನಾನು ಒಪ್ಪಲಿಲ್ಲ. ಅಂಕಿಯಲ್ಲಿ ಸಡಿಲ ಬಿಟ್ಟರೆ ಆ ಕೆಲಸಕ್ಕೇ ಅರ್ಥವಿಲ್ಲ.

ಆಮೇಲೆ ವ್ಯಾಕರಣ. ಹ್ಯಾಂಡೋವರ್ ಬಹುಪಾಲು ನಡೆದುಹೋದದ್ದರ ಮಾತು, 'ಡೆರ್ ಪಾಟ್ಸಿಯೆಂಟ್ ಹಾಟ್ ಗೂಟ್ ಗೆಶ್ಲಾಫನ್', ರೋಗಿ ಚೆನ್ನಾಗಿ ನಿದ್ದೆ ಮಾಡಿದ್ದಾನೆ. ಮುಖ್ಯ ಕ್ರಿಯಾಪದ ಕೊನೆಗೆ ಬರುತ್ತದೆ. ಕನ್ನಡದವರಿಗೆ ಇದು ಇಂಗ್ಲಿಷ್‌ನವರಿಗಿಂತ ಸುಲಭ. ಆದರೆ ನಮ್ಮ ಹುಡುಗಿಯರು ಜರ್ಮನ್ ಮಾತಾಡುವಾಗ ಮನಸ್ಸಿನಲ್ಲಿ ಇಂಗ್ಲಿಷ್ ಇಟ್ಟುಕೊಳ್ಳುತ್ತಾರೆ, ಹೀಗಾಗಿ ಆ ಲಾಭ ಸುಮ್ನೆ ಹೋಗುತ್ತದೆ. ಪಟ್ಟಿಯಲ್ಲಿ 'ಭೂತಕಾಲ ಬಲ್ಲೆ' ಅಂತ ಮಾತ್ರ ಬರೆಯಬೇಡಿ. ಅದು ಗೊತ್ತಿರುವ ವಿಷಯ, ಮಾಡುವ ಕೆಲಸವಲ್ಲ. ಭೂತಕಾಲ ಹ್ಯಾಂಡೋವರ್ ವಾಕ್ಯದ ಅಡಿಯಲ್ಲಿ ಸಾಮಾನಾಗಿ ಇರಲಿ.

ಈಗ ಟಿಕ್ ಯಾವಾಗ ಹಾಕಬೇಕು ಅನ್ನೋ ನಿಮ್ಮ ಮೂಲ ತಕರಾರಿಗೆ ಬರುತ್ತೇನೆ. ನಾನು ಇಟ್ಟಿರುವ ನಿಯಮ: ಮೂರು ಬೇರೆ ಬೇರೆ ದಿನ ಮಾಡಿ ತೋರಿಸಿದರೆ ಟಿಕ್. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕನಿಷ್ಠ ಒಂದು ವಾರ. ಪ್ರತಿ ಸಲವೂ ಹೊಸ ರೋಗಿಗಳು. ಸಂಜೆಯೆಲ್ಲ ಅಭ್ಯಾಸ ಮಾಡಿ ರಾತ್ರಿ ಒಪ್ಪಿಸಿದರೆ ಯಾರಿಗಾದರೂ ಬರುತ್ತದೆ, ಮಾತು ಇನ್ನೂ ಬಾಯಲ್ಲೇ ಬಿಸಿಯಾಗಿರುತ್ತದೆ. ಒಂದು ವಾರ ಬಿಟ್ಟು, ಬೆಳಿಗ್ಗೆ, ಪುಸ್ತಕ ನೋಡದೆ ಬಂದರೆ ಅದು ನಿಮ್ಮದು. ರಾತ್ರಿ ಪಾಳಿ ಮುಗಿಸಿ ಬಂದ ದಿನ ಮಾತ್ರ ಪರೀಕ್ಷೆ ಮಾಡಿಕೊಳ್ಳಬೇಡಿ. ಅವತ್ತಿನ ಅಂಕಿ ನಿಮ್ಮ ನಿದ್ದೆಯನ್ನು ಅಳೆಯುತ್ತದೆ, ಜರ್ಮನ್ ಅನ್ನಲ್ಲ.

ಹೊಸ ರೋಗಿಗಳು ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಗದಗದವರು ನಾಲ್ಕನೇ ವಾರ ನನಗೆ ಚೆನ್ನಾಗಿಯೇ ಟೋಪಿ ಹಾಕಿದ್ದರು. ಉಸಿರು ತೆಗೆದುಕೊಳ್ಳದೆ 1 ನಿಮಿಷ 50 ಸೆಕೆಂಡಿನಲ್ಲಿ ಇಬ್ಬರನ್ನೂ ಒಪ್ಪಿಸಿದರು. ನನಗೂ ಖುಷಿಯಾಯಿತು. ಆಮೇಲೆ ಚೀಟಿಯಲ್ಲಿ ರೋಗಿಯ ವಯಸ್ಸನ್ನು 62ರಿಂದ 47ಕ್ಕೆ ಬದಲಿಸಿ ಇನ್ನೊಮ್ಮೆ ಹೇಳಿ ಅಂದೆ. ಬಾಯಿಂದ ಮತ್ತೆ 62 ಬಂತು. ಬಾಯಿಪಾಠ! ಮಾತು ತೀರಾ ನುಣುಪಾಗಿದ್ದು ನಡುವೆ ಎಲ್ಲೂ 'ಅಂ...' ಅಂತ ತಡವರಿಕೆ ಇಲ್ಲದಿದ್ದರೆ ನನಗೆ ಈಗ ಸಂಶಯವೇ ಬರುತ್ತದೆ. ಅಂದಿನಿಂದ ಚೀಟಿಯನ್ನು ಕ್ಲಾಸಿನ ಇನ್ನೊಬ್ಬರು ಬರೆದು, ಐದು ನಿಮಿಷ ಮುಂಚೆ ಕೈಗೆ ಕೊಡುವುದು ಅಂತಾಯಿತು.

ಒಂದು ವಾಕ್ಯಕ್ಕೆ ಟಿಕ್ ಬಿದ್ದ ಮೇಲೆ ಹೊಸ ವಿಷಯಕ್ಕೆ ಹಾರಬೇಕಿಲ್ಲ. ಅದೇ ವಾಕ್ಯದ ಒಂದು ಷರತ್ತನ್ನು, ಒಂದನ್ನೇ, ಬಿಗಿ ಮಾಡಿ. ಗೆಳತಿಯ ಬದಲು ಪರಿಚಯವಿಲ್ಲದವರು. ಅಥವಾ ಕೇಳುವವರು ನಡುವೆ ಎರಡು ಪ್ರಶ್ನೆ ಕೇಳುವುದು. ಅಥವಾ ಎದುರಾಬದುರು ಬಿಟ್ಟು ಫೋನು. ಹೀಗೆ ಒಂದೇ ಹ್ಯಾಂಡೋವರ್‌ನಿಂದ ಐದಾರು ಮೈಲಿಗಲ್ಲು ಹೊರಡುತ್ತವೆ, ಒಂದೊಂದಕ್ಕೂ ಎರಡು ಮೂರು ವಾರ. ನಿಮ್ಮ ಖಾಲಿ ವಾರಗಳು ಹೀಗೆ ತುಂಬುತ್ತಾ ಹೋಗುತ್ತವೆ. ಚೌಕಟ್ಟಿನ ಹಂತಗಳೂ ಒಳಗೆ ಹೀಗೇ ಇವೆ ಅನ್ನೋದು ಗಮನಿಸಿ. ಎ1ರ ವಿವರಣೆಯಲ್ಲಿ ಎದುರಿನವರು ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿ ಸಹಾಯ ಮಾಡಬೇಕು ಅಂತಿದೆ. ಬಿ1ಕ್ಕೆ ಬಂದರೆ ಪರಿಚಿತ ವಿಷಯದಲ್ಲಿ ತಯಾರಿಯಿಲ್ಲದೆ ಮಾತಿಗೆ ಇಳಿಯಬಲ್ಲರು ಅಂತಿದೆ. ಮೇಲೆ ಹೋದಂತೆ ಊರುಗೋಲು ಒಂದೊಂದೇ ಕಳಚುತ್ತದೆ.

ಎರಡು ಷರತ್ತು ಒಟ್ಟಿಗೆ ಬದಲಿಸಿದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. ಒಂಬತ್ತನೇ ವಾರ ಅವರಿಗೆ ಧೈರ್ಯ ಬಂದಿತ್ತು. ಫೋನಿನಲ್ಲಿ ಒಪ್ಪಿಸುತ್ತೇನೆ ಅಂದರು. ನಾನು ಡಾಕ್ಟರ್ ಪಾತ್ರ ಹಾಕಿ ನಡುನಡುವೆ ಪ್ರಶ್ನೆಯನ್ನೂ ಕೇಳಿದೆ. ಹತ್ತರಲ್ಲಿ ನಾಲ್ಕು! 'ಎಲ್ಲಾ ಮರ್ತ ಹೋತ್ರೀ ಮೇಡಂ, ಇನ್ನ ನನ್ನ ಕಡೆ ಆಗೂದಿಲ್ಲ,' ಅಂತ ಫೋನ್ ಇಟ್ಟರು. ತಪ್ಪು ನನ್ನದು. ಫೋನು ಒಂದು ಹೊಸ ಷರತ್ತು, ಪ್ರಶ್ನೆ ಇನ್ನೊಂದು. ಮೂರು ದಿನ ಬಿಟ್ಟು ಪ್ರಶ್ನೆ ಕೇಳದೆ ಫೋನಿನಲ್ಲೇ ಕೇಳಿಸಿಕೊಂಡೆ, ಎಂಟು ಸರಿ ಬಂತು. ಜರ್ಮನ್ ಎಲ್ಲೂ ಹೋಗಿರಲಿಲ್ಲ. ಅಂಕಿ ಇದ್ದಕ್ಕಿದ್ದಂತೆ ಕುಸಿದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದೇ: ಈ ಸಲ ಏನೇನು ಬದಲಾಗಿತ್ತು?

ವಾಕ್ಯದ ಅಳತೆ ಸರಿಯಿದೆಯೋ ಇಲ್ಲವೋ ಅನ್ನೋದೂ ಅಂಕಿಯಲ್ಲೇ ತಿಳಿಯುತ್ತದೆ. ಮೊದಲ ಪ್ರಯತ್ನಕ್ಕೇ ಗುರಿ ಮುಟ್ಟಿದರೆ ಅದು ನಿಮಗೆ ಮೊದಲೇ ಬರುತ್ತಿದ್ದದ್ದು, ಒಂದು ಷರತ್ತು ಬಿಗಿ ಮಾಡಿ. ಮೂರು ವಾರ ದುಡಿದೂ ಅಂಕಿ ಅಲುಗದಿದ್ದರೆ ಷರತ್ತು ಜಾಸ್ತಿಯಾಗಿದೆ, ಒಂದು ಸಡಿಲಿಸಿ: ಇಬ್ಬರ ಬದಲು ಒಬ್ಬ ರೋಗಿ, ಮೂರು ನಿಮಿಷದ ಬದಲು ನಾಲ್ಕು. ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ವಾಕ್ಯ ತೆರೆದಿಡಬೇಡಿ. ಮಾತಾಡುವುದು ಒಂದು, ಕೇಳುವುದು ಒಂದು, ಬರೆಯುವುದು ಒಂದು ಇದ್ದರೆ ಸಾಕು. ನಲವತ್ತು ಸಾಲಿನ ಪಟ್ಟಿ ಗೋಡೆಗೆ ಅಂಟಿಸಿಕೊಂಡವರನ್ನು ಕಂಡಿದ್ದೇನೆ. ದಿನಾ ಮೂವತ್ತೇಳು ಖಾಲಿ ಚೌಕಗಳು ಅವರನ್ನು ದಿಟ್ಟಿಸಿ ನೋಡುತ್ತಿರುತ್ತವೆ.

ಪರೀಕ್ಷೆಯ ವಿಷಯ ಒಂದಿಷ್ಟು. ಈ ಟಿಕ್‌ಗಳು ಸರ್ಟಿಫಿಕೇಟ್ ಅಲ್ಲ. ಗೋಥೆ ಬಿ1 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ, ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ಅಲ್ಲಿ ಹ್ಯಾಂಡೋವರ್ ಕೇಳುವುದಿಲ್ಲ. ಇಬ್ಬರು ಸೇರಿ ಏನನ್ನಾದರೂ ಯೋಜಿಸುವುದು, ಕೊಟ್ಟ ವಿಷಯದ ಬಗ್ಗೆ ಚಿಕ್ಕದಾಗಿ ಮಾತಾಡುವುದು, ಹೀಗಿರುತ್ತದೆ. ಹಾಗಾಗಿ ಪರೀಕ್ಷೆಗೆ ಎರಡು ತಿಂಗಳು ಇದೆ ಅನ್ನುವಾಗ ನಿಮ್ಮ ಮೂರು ವಾಕ್ಯಗಳಲ್ಲಿ ಎರಡು ಪರೀಕ್ಷೆಯ ಕೆಲಸಗಳೇ ಆಗಲಿ. ನಾಲ್ಕು ಭಾಗಗಳನ್ನು ಬೇರೆ ಬೇರೆಯಾಗಿಯೂ ಬರೆಯಬಹುದು. ಕೇಳುವುದು ಗಟ್ಟಿಯಾಗಿದ್ದರೆ ಅದನ್ನು ಮೊದಲು ಮುಗಿಸಿಕೊಳ್ಳುವುದೂ ಒಂದು ಮೈಲಿಗಲ್ಲೇ, ಖರ್ಚು ಮಾತ್ರ ನೋಡಿಕೊಳ್ಳಿ. ನರ್ಸ್ ಆಗಿ ಪೂರ್ತಿ ಮಾನ್ಯತೆಗೆ ಜರ್ಮನಿಯಲ್ಲಿ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಅಲ್ಲಿಗೆ ಹೋಗುವಾಗ ಈ ಹ್ಯಾಂಡೋವರ್ ಏಣಿ ಮತ್ತೆ ಕೆಲಸಕ್ಕೆ ಬರುತ್ತದೆ, ಎಸೆಯಬೇಡಿ.

ಹದಿನಾಲ್ಕನೇ ವಾರ ಗದಗದವರು ಹೊಸ ಚೀಟಿ ಹಿಡಿದು, ಮೊದಲ ದಿನದ ಹಾಗೇ ಗೆಳತಿಯ ಎದುರು ಕೂತು ರೆಕಾರ್ಡ್ ಮಾಡಿದರು. 2 ನಿಮಿಷ 40 ಸೆಕೆಂಡ್, ಇಂಗ್ಲಿಷ್ ಪದ ಎರಡು, ಚೀಟಿಯಲ್ಲಿ ಒಂಬತ್ತು ಸರಿ. ತಪ್ಪಿದ್ದು ಒಂದು ಬಿಪಿ, 128ರ ಬದಲು 182. ಗದಗಕ್ಕೆ ವಾಪಸ್ ಹೋಗುವ ರೈಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ಕೇಳಿದರಂತೆ. ಅಣ್ಣಿಗೇರಿ ದಾಟುವ ಹೊತ್ತಿಗೆ ನನಗೊಂದು ಮೆಸೇಜ್ ಬಂತು: 'ಮೇಡಂ, ಮೊದಲನೇದು ನಾನೇ ಏನ್ರೀ?'

ನಿಮ್ಮ ಮೊದಲ ರೆಕಾರ್ಡಿಂಗ್ ಈ ವಾರದ ರಜೆಯ ದಿನವೇ ಆಗಲಿ. ಇಬ್ಬರು ಕಲ್ಪನೆಯ ರೋಗಿಗಳು, ಹತ್ತು ವಿವರ, ಕ್ಲಾಸಿನ ಒಬ್ಬ ಗೆಳತಿ, ಅವಳ ಕೈಯಲ್ಲೊಂದು ಖಾಲಿ ಚೀಟಿ. ಬಿಪಿಗಳಲ್ಲಿ ಒಂದಾದರೂ 145ರಂತೆ ತಿರುಗಿಸಿ ಕೇಳುವ ಅಂಕಿ ಇರಲಿ.